ಫೋನಿನಲ್ಲೇ ಕೈಕೆಲಸದ ಫೋಟೊ, ವಿಡಿಯೊ: ಒಂದು ದಿನದ ತರಬೇತಿಯ ಯೋಜನೆ

ಸ್ಥಳ: ನೀರ್ಚಾಲಿನ ಗ್ರಂಥಾಲಯದ ಮಹಡಿ
ದಿನ: ನವೆಂಬರ್ ಎರಡನೇ ಶನಿವಾರ, ಬೆಳಗ್ಗೆ 9ರಿಂದ ಸಂಜೆ 4
ಬರುವವರು: ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ 18 ಯುವಕ ಯುವತಿಯರು

ಹೋದ ವರ್ಷ ನಾನು ಪ್ರೊಜೆಕ್ಟರ್ ಹಾಕಿ ಎರಡು ಗಂಟೆ ಮಾತಾಡಿದೆ. ಹಿಂದಿನ ಸಾಲಿನವರು ನಿದ್ದೆ ಹೋದರು, ತಪ್ಪು ಅವರದ್ದಲ್ಲ. ಈ ಸಲ ಪ್ರೊಜೆಕ್ಟರ್ ಇಲ್ಲ. ಮೂವರಿಗೊಂದು ಮೇಜು, ಒಟ್ಟು ಆರು. ಒಳ್ಳೆಯ ಫೋನ್ ಇದ್ದವರನ್ನೆಲ್ಲ ಒಂದೇ ಮೇಜಿಗೆ ಕೂರಿಸಬೇಡಿ. ಹಳೇ ಫೋನಿನಲ್ಲೂ ಚಂದ ಬರುತ್ತದೆ ಅಂತ ಕಣ್ಣಾರೆ ಕಾಣಬೇಕು, ಅಲ್ವಾ?

ಎಲ್ಲರೂ ತರಬೇಕಾದ್ದು: ಮನೆಯಲ್ಲಿ ಮಾಡಿದ ಎರಡು ವಸ್ತು (ಅಡಿಕೆ ಹಾಳೆಯ ಮುಟ್ಟಾಳೆ, ಬಿಳಲಿನ ಬುಟ್ಟಿ, ಗೆರಟೆ ಸೌಟು, ಚಾಪೆ, ಯಾವುದೂ ಆದೀತು), ಚಾರ್ಜರ್, ಹಳೇ ಬನಿಯನ್ನಿನ ತುಂಡು. ಫೋನಿನಲ್ಲಿ 2 ಜಿಬಿ ಜಾಗ ಖಾಲಿ ಮಾಡಿಕೊಂಡೇ ಬರಲಿ.

9:00 – ಲೆನ್ಸ್ ಒರೆಸುವುದು
ಮೊದಲು ಒರೆಸದೆ ಒಂದು ಫೋಟೊ, ಆಮೇಲೆ ಬನಿಯನ್ ಬಟ್ಟೆಯಲ್ಲಿ ಒರೆಸಿ ಅದೇ ಫೋಟೊ. ಎರಡನ್ನೂ ಪಕ್ಕದವರಿಗೆ ತೋರಿಸಬೇಕು. ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಕೂತರೆ ಇಡೀ ಚಿತ್ರಕ್ಕೆ ಮಂಜು ಕವಿದಂತೆ ಕಾಣುತ್ತದೆ. ವಿವರಣೆ ಅಷ್ಟೇ ಸಾಕು.

9:30 – ಬೆಳಕು
ದಿನದ ಮುಖ್ಯ ಪಾಠ ಇದು. ಎರಡು ಗಂಟೆ ಪೂರ್ತಿ ಬಿಡಿ.

ಮೇಜುಗಳನ್ನು ಉತ್ತರದ ಕಿಟಕಿಗಳ ಬಳಿ ಎಳೆಯಿರಿ. ನವೆಂಬರಿನಲ್ಲಿ ಆ ಕಡೆಯಿಂದ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಮೆತ್ತಗಿರುತ್ತದೆ. ಟ್ಯೂಬ್‌ಲೈಟ್ ಆರಿಸಿಬಿಡಿ. ಹಗಲಿನ ಬೆಳಕಿಗೆ ಅದರ ಬೆಳಕು ಬೆರೆತರೆ ಒಂದೇ ಬುಟ್ಟಿಯ ಅರ್ಧ ನೀಲಿ, ಅರ್ಧ ಹಳದಿ ಆಗುವುದುಂಟು. ಫ್ಲ್ಯಾಶ್ ಬೇಡವೇ ಬೇಡ.

ಮುಟ್ಟಾಳೆಯನ್ನೇ ಉದಾಹರಣೆಗೆ ಹಿಡಿಯಿರಿ. ಬೆಳಕು ಎದುರಿನಿಂದ ಬಿದ್ದರೆ ಹಾಳೆಯ ಮೈ ಚಪ್ಪಟೆ, ರಟ್ಟಿನ ಹಾಗೆ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿ. ಹಾಳೆಯ ಉದ್ದುದ್ದ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಅಂಚಿನ ಹೊಲಿಗೆಯೂ ಲೆಕ್ಕಕ್ಕೆ ಸಿಗುತ್ತದೆ. ನೆರಳಿನ ಕಡೆ ತೀರಾ ಕಪ್ಪಾದರೆ ಅಲ್ಲೊಂದು ಬಿಳಿ ಥರ್ಮೋಕೋಲ್ ನಿಲ್ಲಿಸಿ. ಪ್ರತಿ ಮೇಜಿನವರೂ ವಸ್ತುವನ್ನು ಅಲುಗಿಸದೆ, ಮೇಜನ್ನು ಮಾತ್ರ ನಾಲ್ಕು ದಿಕ್ಕಿಗೆ ತಿರುಗಿಸಿ ನಾಲ್ಕು ಫೋಟೊ ತೆಗೆಯಲಿ. ಯಾವುದು ಸರಿ ಅಂತ ನಾವು ಹೇಳುವುದು ಬೇಡ, ಅವರೇ ಆರಿಸಲಿ.

ಕಾಸರಗೋಡು ಸೀರೆ ತಂದವರಿಗೆ ಬೇರೆ ತೊಂದರೆ. ಸಣ್ಣ ಚೌಕಳಿಯ ಮೇಲೆ ಇಲ್ಲದ ಅಲೆಗಳು ಮೂಡಬಹುದು. ಒಂದು ಹೆಜ್ಜೆ ಹಿಂದೆ ಮುಂದೆ ಆಗಲಿ, ಇಲ್ಲವೇ ಫೋನ್ ತುಸು ಓರೆ ಮಾಡಲಿ.

11:30 – ಫೋಕಸ್, ನಡುಕ
ಸಜ್ಜಿಗೆ ಅವಲಕ್ಕಿ ತಿಂದು ಶುರು. ವಸ್ತುವಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಐಫೋನಿನಲ್ಲಿ AE/AF LOCK ಅಂತ ಬರುತ್ತದೆ, ಸುಮಾರು ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಗುರುತು. ತೀರಾ ಹತ್ತಿರ ಹೋದರೆ ಮಸುಕಾಗುತ್ತದೆ, ಗೇಣು ದೂರ ಬಿಡಿ. ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡುವ ಅಭ್ಯಾಸ ಬಿಡಿಸಬೇಕು. ಕೈ ನಡುಗುವವರು ಫೋನನ್ನು ಅಕ್ಕಿ ತುಂಬಿದ ಸಣ್ಣ ಚೀಲಕ್ಕೆ ಒರಗಿಸಿ 3 ಸೆಕೆಂಡಿನ ಟೈಮರ್ ಇಡಲಿ. ಸ್ಟ್ಯಾಂಡಿಗೆ ದುಡ್ಡು ಖರ್ಚು ಮಾಡಿಸಬೇಡಿ.

ಒಂದು ಫೋಟೊದಲ್ಲಾದರೂ ವಸ್ತು ಯಾರದಾದರೂ ಕೈಯಲ್ಲಿರಲಿ. ನಾನು ಹಾಕಿದ್ದ ಬುಟ್ಟಿಯ ಫೋಟೊ ನೋಡಿ ಒಬ್ಬರು ತರಕಾರಿ ಬುಟ್ಟಿ ಅಂದುಕೊಂಡು ತರಿಸಿದರು. ಹೋದದ್ದು ಹೂವಿನ ಬುಟ್ಟಿ. ವಾಪಸ್ ಬಂತು, ಎರಡೂ ಕಡೆಯ ಸಾಗಾಟದ ದುಡ್ಡು ನನ್ನ ತಲೆಗೆ.

1:45 – ವಿಡಿಯೊ
ಕುಚ್ಚಲಕ್ಕಿ ಗಂಜಿ ಊಟದ ನಂತರ ಸುಮ್ನೆ ಕೂತರೆ ಕಣ್ಣು ಎಳೆಯುತ್ತದೆ. ಹಾಗಾಗಿ ಎಲ್ಲರೂ ಕೆಳಗಿನ ಜಗಲಿಗೆ. ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರು ಬರುತ್ತಾರೆ. ಅವರಿಗೆ ದಿನದ ಕೂಲಿ ಕೊಡಲೇಬೇಕು. ಮುಖ ತೋರಿಸಬಹುದಾ ಅಂತ ಮೊದಲೇ ಕೇಳಿ.

ಫೋನ್ ನಿಲ್ಲಿಸಿ ಹಿಡಿಯಲಿ, 1080p ಸಾಕು. ಮೂರೇ ತುಂಡು, ತಲಾ 5 ಸೆಕೆಂಡು: ಬಿಳಲು ಬಗ್ಗಿಸುವ ಬೆರಳು, ಅರ್ಧ ಹೆಣೆದ ಬುಟ್ಟಿ, ಮುಗಿದ ಬುಟ್ಟಿ. ಫೋನ್ ಆಡಿಸಬಾರದು, ಆಡುವುದು ಅಜ್ಜಿಯ ಕೈ. ಹಾಡು ಸೇರಿಸುವ ಆಸೆ ಇರುತ್ತದೆ, ಆದರೆ ಬಿಳಲು ಚರಚರ ಅನ್ನುವ ಸದ್ದೇ ಚಂದ.

3:00 – ಕಳಿಸುವುದು, ಬರೆಯುವುದು
ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿ ಮಸುಕಾಗುತ್ತದೆ. HD ಒತ್ತಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಬೇಡ. ಫೋಟೊದ ಕೆಳಗೆ ಅಳತೆ ಸೆಂಟಿಮೀಟರಿನಲ್ಲಿ, ತೂಕ, ಬೆಲೆ, ಒದ್ದೆಯಾಗಬಹುದೇ ಎಂಬುದು. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಲಿ, ಇಂಗ್ಲಿಷ್ ಒಂದು ಸಾಲು.

ಕೊನೆಗೆ ಪ್ರತಿಯೊಬ್ಬರೂ ಒಂದೇ ಫೋಟೊ ಆರಿಸಿ ಬೇರೆ ಮೇಜಿನವರಿಗೆ ಕೊಡಬೇಕು. ನೋಡಿದವರು "ಇದು ಎಷ್ಟು ದೊಡ್ಡದು, ಯಾವುದರಿಂದ ಮಾಡಿದ್ದು" ಎಂದು ಹೇಳಲಿ. ತಪ್ಪು ಹೇಳಿದರೆ ಫೋಟೊ ಮತ್ತೆ ತೆಗೆಯಬೇಕು. 4 ಗಂಟೆಗೆ ಬೆಳಕು ಇನ್ನೂ ಇರುತ್ತದೆ.

ಮೋಡ ಕವಿದರೆ ಗಾಬರಿ ಬೇಡ, ಮೋಡದ ಬೆಳಕು ಇನ್ನೂ ಒಳ್ಳೆಯದು. ಜೋರು ಮಳೆ ಬಂದರೆ ಅಜ್ಜಿಯನ್ನು ಮಹಡಿಗೇ ಕರೆಯಿರಿ, ಮೆಟ್ಟಿಲು ಹತ್ತಲು ಒಬ್ಬರು ಜೊತೆಗಿರಲಿ. ಥರ್ಮೋಕೋಲ್ ಆರು ಹಾಳೆ ಬದಿಯಡ್ಕದಿಂದ ಶುಕ್ರವಾರವೇ ತಂದಿಡಬೇಕು.