ಶಾಲಾ ಸ್ವ ಮೌಲ್ಯಮಾಪನ ವರದಿ, 2024–25: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹಾವೇರಿ ಜಿಲ್ಲೆ

(2025ರ ಜನವರಿ 22ರ ಬಾಹ್ಯ ಮೌಲ್ಯಮಾಪನ ಹಾಗೂ ಮಾನ್ಯತಾ ಭೇಟಿಗಾಗಿ ಸಲ್ಲಿಸಿದ್ದು)

ನಮ್ಮ ಶಾಲೆಯಲ್ಲಿ 1ರಿಂದ 7ನೇ ತರಗತಿಯವರೆಗೆ 148 ಮಕ್ಕಳು ದಾಖಲಾಗಿದ್ದು, ಅವರಲ್ಲಿ 37 ಮಕ್ಕಳು ಎರಡು ಕಿಲೋಮೀಟರ್ ದೂರದ ತಾಂಡಾದಿಂದ ಬರುತ್ತಾರೆ. ಶಾಲಾ ಸಿದ್ಧಿ ಚೌಕಟ್ಟಿನ ಏಳು ಕ್ಷೇತ್ರಗಳ 46 ಮಾನಕಗಳಿಗೆ ಮುಖ್ಯ ಶಿಕ್ಷಕಿ, ಸಹ ಶಿಕ್ಷಕರು ಮತ್ತು ಎಸ್‌ಡಿಎಂಸಿ ಸದಸ್ಯರು ಒಟ್ಟಿಗೆ ಕುಳಿತು ಹಂತ ನಿಗದಿಪಡಿಸಿದ್ದೇವೆ. ದಾಖಲೆಯನ್ನು ಮುಂದಿಟ್ಟು ತೋರಿಸಲಾಗದ ಯಾವ ಸಾಧನೆಯನ್ನೂ ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮವನ್ನು ಈ ಬಾರಿ ಪಾಲಿಸಿದ್ದರಿಂದ, ಕಳೆದ ವರ್ಷ ಹಂತ 3 ಎಂದು ಬರೆದುಕೊಂಡಿದ್ದ ಕೆಲವು ಮಾನಕಗಳನ್ನು ಕೆಳಗಿಳಿಸಬೇಕಾಯಿತು. ಹಾಗೆ ಇಳಿಸಿದ ಕಡೆಯೆಲ್ಲ ಕಾರಣವನ್ನೂ ದಾಖಲಿಸಿದ್ದೇವೆ.

ಕ್ಷೇತ್ರ 1: ಶಾಲಾ ಸಂಪನ್ಮೂಲಗಳು

ಕೊಠಡಿ, ವಿದ್ಯುತ್, ಕುಡಿಯುವ ನೀರು, ಅಡುಗೆ ಕೋಣೆ, ಕೈತೊಳೆಯುವ ವ್ಯವಸ್ಥೆಗಳ ಲಭ್ಯತೆಯೂ ಬಳಕೆಯೂ ಹಂತ 3ರಲ್ಲಿವೆ (ಸಾಕ್ಷ್ಯ 1.1: ಯುಡೈಸ್ ಪ್ರಪತ್ರದ ಪ್ರತಿ, ಸಾಕ್ಷ್ಯ 1.2: ಕೊಠಡಿವಾರು ಛಾಯಾಚಿತ್ರಗಳು). ಇದ್ದೂ ಬಳಕೆಯಾಗದ ಎರಡು ಸೌಲಭ್ಯಗಳನ್ನು ಪ್ರತ್ಯೇಕವಾಗಿ ಹೇಳಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳ ಶೌಚಾಲಯವು ಲಭ್ಯತೆಯಲ್ಲಿ ಹಂತ 3 ಆದರೂ, ನವೆಂಬರ್‌ವರೆಗೆ ಅದರಲ್ಲಿ ಮುರಿದ ಬೆಂಚುಗಳನ್ನು ತುಂಬಿಡಲಾಗಿತ್ತು. ಈಗ ತೆರವುಗೊಳಿಸಿದ್ದರೂ ಹಿಡಿಕಂಬಿ ಇನ್ನೂ ಕೂಡಿಸಿಲ್ಲವಾದ್ದರಿಂದ ಬಳಕೆಯಲ್ಲಿ ಹಂತ 1. ಗ್ರಂಥಾಲಯದಲ್ಲಿ 1,140 ಪುಸ್ತಕಗಳಿವೆ, ಆದರೆ ಜೂನ್‌ನಿಂದ ಡಿಸೆಂಬರ್‌ವರೆಗೆ ಮಕ್ಕಳ ಕೈಸೇರಿದ 213 ಪುಸ್ತಕಗಳಲ್ಲಿ 164 ಕೇವಲ 6 ಮತ್ತು 7ನೇ ತರಗತಿಯವರಿಗೆ ಹೋಗಿವೆ (ಸಾಕ್ಷ್ಯ 1.3: ಪುಸ್ತಕ ವಿತರಣಾ ವಹಿ, ಪುಟ 4–19). ಕಿರಿಯ ಮಕ್ಕಳ ಪುಸ್ತಕಗಳು ಮೇಲಿನ ಕಪಾಟಿನಲ್ಲಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿದ್ದು, ಜನವರಿ ಮೊದಲ ವಾರ ಅವನ್ನು ಕೆಳಗಿಳಿಸಲಾಗಿದೆ. ಹಂತ 2.

ಕ್ಷೇತ್ರ 2: ಬೋಧನೆ, ಕಲಿಕೆ ಮತ್ತು ಮೌಲ್ಯಾಂಕನ

1ರಿಂದ 3ನೇ ತರಗತಿಯ 61 ಮಕ್ಕಳು ನಲಿ-ಕಲಿ ಪದ್ಧತಿಯಲ್ಲಿ ಕಲಿಯುತ್ತಿದ್ದು, ಕಲಿಕಾ ಚಪ್ಪರ, ಏಣಿ ಮತ್ತು ಪ್ರಗತಿ ನೋಟಗಳು ದಿನವೂ ಬಳಕೆಯಲ್ಲಿವೆ (ಸಾಕ್ಷ್ಯ 2.1: ಪ್ರಗತಿ ನೋಟಗಳು, ಸಾಕ್ಷ್ಯ 2.2: ಸಿಆರ್‌ಪಿಯವರ ಸಂದರ್ಶನ ಟಿಪ್ಪಣಿಗಳು). ಹಂತ 3.

ಮೇಲಿನ ತರಗತಿಗಳ ಮೌಲ್ಯಾಂಕನ ಮಾನಕವನ್ನು ಹಂತ 3ರಿಂದ 2ಕ್ಕೆ ಇಳಿಸಿದ್ದೇವೆ. ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕವಹಿಗಳು ಪೂರ್ಣವಾಗಿವೆ. ಆದರೆ 4ರಿಂದ 7ನೇ ತರಗತಿಯ 87 ಮಕ್ಕಳ ನೋಟ್‌ಪುಸ್ತಕಗಳಲ್ಲಿ ಕೈಗೆ ಸಿಕ್ಕ 40 ಪುಸ್ತಕಗಳನ್ನು ಶಿಕ್ಷಕರೇ ಪರಸ್ಪರ ಬದಲಿಸಿಕೊಂಡು ನೋಡಿದಾಗ, 22ರಲ್ಲಿ ಸರಿ ಗುರುತು ಮತ್ತು ಸಹಿಯ ಹೊರತು ಮಗು ಎಲ್ಲಿ ಎಡವಿದೆ ಎಂಬ ಒಂದು ಸಾಲೂ ಇರಲಿಲ್ಲ (ಸಾಕ್ಷ್ಯ 2.3: ಪರಿಶೀಲನಾ ತಃಖ್ತೆ). ಅಂಕ ದಾಖಲಾಗುವುದಕ್ಕೂ ಕಲಿಕೆ ತಿದ್ದುವುದಕ್ಕೂ ಇರುವ ಅಂತರ ನಮಗೆ ಸ್ಪಷ್ಟವಾದದ್ದು ಈ ಪರಿಶೀಲನೆಯಿಂದ. ಡಿಸೆಂಬರ್‌ನಿಂದ ವಾರಕ್ಕೊಂದು ವಿಷಯದಲ್ಲಿ ತಪ್ಪಿನ ಬಗೆಯನ್ನು ಬರೆದು, ಮಗುವಿನಿಂದ ತಿದ್ದಿಸಿ, ಮರುನೋಡುವ ಕ್ರಮ ಆರಂಭವಾಗಿದೆ. ಅದರ ಫಲವನ್ನು ಈಗಲೇ ಸಾಧನೆಯೆಂದು ತೋರಿಸುವುದು ಸರಿಯಲ್ಲ.

ಕ್ಷೇತ್ರ 3: ಮಕ್ಕಳ ಪ್ರಗತಿ, ಸಾಧನೆ ಮತ್ತು ಬೆಳವಣಿಗೆ

ಈ ವರದಿಯಲ್ಲಿ ತಂಡದವರು ಹೆಚ್ಚು ಸಮಯ ಕೊಡಬೇಕೆಂದು ನಾವು ಬಯಸುವ ಕ್ಷೇತ್ರ ಇದು.

ಶಾಲೆಯ ಒಟ್ಟು ಹಾಜರಾತಿ ಸೆಪ್ಟೆಂಬರ್‌ನಲ್ಲಿ ಶೇ. 92, ಡಿಸೆಂಬರ್‌ನಲ್ಲಿ ಶೇ. 79. ಸರಾಸರಿಯನ್ನಷ್ಟೇ ನೋಡಿದರೆ ಇದು ಸಾಮಾನ್ಯ ಇಳಿಕೆಯಂತೆ ಕಾಣುತ್ತದೆ. ಊರಿನ 111 ಮಕ್ಕಳ ಹಾಜರಾತಿ ಶೇ. 93ರಿಂದ 91ಕ್ಕೆ ಮಾತ್ರ ಇಳಿದಿದ್ದರೆ, ತಾಂಡಾದ 37 ಮಕ್ಕಳದು ಶೇ. 89ರಿಂದ 44ಕ್ಕೆ ಕುಸಿದಿದೆ (ಸಾಕ್ಷ್ಯ 3.1: ತರಗತಿ ಹಾಜರಿ ವಹಿಗಳು; ಸಾಕ್ಷ್ಯ 3.2: ಎಸ್‌ಎಟಿಎಸ್‌ನ ತಿಂಗಳವಾರು ಮಾಹಿತಿ). ಕಬ್ಬು ಕಡಿಯಲು ಹೊರಟ ತಂದೆತಾಯಿಯರೊಂದಿಗೆ 19 ಮಕ್ಕಳು ನವೆಂಬರ್‌ನಲ್ಲೇ ಊರು ಬಿಟ್ಟಿದ್ದಾರೆ. ಶಾಲೆಗೆ ಬರಲು ಮನಸ್ಸಿಲ್ಲದೆ ಗೈರಾದವರಲ್ಲ ಇವರು. ಸೆಪ್ಟೆಂಬರ್‌ನ ಅಂಕಿಯೇ ಅದನ್ನು ಹೇಳುತ್ತದೆ.

ಓದುವ ಸಾಮರ್ಥ್ಯದಲ್ಲೂ ಇದರ ಗುರುತು ಕಾಣುತ್ತದೆ. ಆಗಸ್ಟ್‌ನಲ್ಲಿ 4ರಿಂದ 7ನೇ ತರಗತಿಯ ಪ್ರತಿ ಮಗುವಿನಿಂದ 3ನೇ ತರಗತಿಯ ಕನ್ನಡ ಪಠ್ಯದ ಒಂದು ಪುಟ ಓದಿಸಿದಾಗ 87ರಲ್ಲಿ 31 ಮಕ್ಕಳು ತಡವರಿಸಿದರು. ದಿನಕ್ಕೆ 40 ನಿಮಿಷದ ಓದಿನ ಗುಂಪುಗಳನ್ನು ನಡೆಸಿ, ಗುಳೆ ಹೊರಡುವ ಮುನ್ನ ಅಕ್ಟೋಬರ್ ಕೊನೆಯ ವಾರ ಮತ್ತೆ ಓದಿಸಿದಾಗ ಆ ಸಂಖ್ಯೆ 17ಕ್ಕೆ ಇಳಿದಿತ್ತು, ಅವರಲ್ಲಿ 12 ಮಕ್ಕಳು ತಾಂಡಾದವರು (ಸಾಕ್ಷ್ಯ 3.3: ಎರಡೂ ಸುತ್ತಿನ ಮಗುವಾರು ದಾಖಲೆ). ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಕನ್ನಡದ ಓದು ಹಿಡಿಯುವ ಹೊತ್ತಿಗೇ ನಾಲ್ಕೈದು ತಿಂಗಳು ಶಾಲೆಯಿಂದ ದೂರವಾದರೆ, ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ಪ್ರಗತಿ ಮಾನಕಕ್ಕೆ ಹಂತ 2, ಹಾಜರಾತಿಗೆ ಹಂತ 1 ಎಂದು ಬರೆದಿದ್ದೇವೆ, ಸರಾಸರಿಯ ಆಧಾರದ ಮೇಲೆ ಹಾಜರಾತಿಗೂ ಹಂತ 2 ಕೊಡಬಹುದೆಂಬ ಸಲಹೆ ಸಭೆಯಲ್ಲಿ ಬಂದಿತ್ತು, ಚರ್ಚಿಸಿ ಕೈಬಿಟ್ಟೆವು (ಸಾಕ್ಷ್ಯ 3.4: ಸಭಾ ನಡಾವಳಿ).

ಕ್ಷೇತ್ರ 4 ಮತ್ತು 5: ಶಿಕ್ಷಕರ ವೃತ್ತಿ ಬೆಳವಣಿಗೆ, ನಾಯಕತ್ವ

ಮಂಜೂರಾದ 7 ಹುದ್ದೆಗಳಲ್ಲಿ 6 ಭರ್ತಿಯಾಗಿವೆ. ಗಣಿತ-ವಿಜ್ಞಾನದ ಖಾಲಿ ಹುದ್ದೆಯ ಪಾಠಗಳನ್ನು ಅತಿಥಿ ಶಿಕ್ಷಕರು ನಿರ್ವಹಿಸುತ್ತಿದ್ದಾರೆ. ತರಬೇತಿ ಪ್ರಮಾಣಪತ್ರಗಳು, ಶಾಲಾ ಅಭಿವೃದ್ಧಿ ಯೋಜನೆ ಮತ್ತು ಅನುದಾನದ ನಗದು ಪುಸ್ತಕ ಕ್ರಮವಾಗಿವೆ (ಸಾಕ್ಷ್ಯ 4.1, 5.1, 5.2). ಎರಡೂ ಕ್ಷೇತ್ರಗಳು ಒಟ್ಟಾರೆ ಹಂತ 2.

ಕ್ಷೇತ್ರ 6: ಒಳಗೊಳ್ಳುವಿಕೆ, ಆರೋಗ್ಯ ಮತ್ತು ಸುರಕ್ಷತೆ

ಅಕ್ಷರ ದಾಸೋಹದ ಊಟದ ರುಚಿ ನೋಡಿದ ವಹಿ, ಹಾಲಿನ ವಿತರಣೆ, ಜಂತುಹುಳು ಮಾತ್ರೆ ನೀಡಿಕೆಯ ದಾಖಲೆಗಳು ಪೂರ್ಣವಾಗಿವೆ (ಸಾಕ್ಷ್ಯ 6.1). ಆರೋಗ್ಯ ತಪಾಸಣೆಯಲ್ಲಿ ದೃಷ್ಟಿದೋಷ ಕಂಡುಬಂದ 6 ಮಕ್ಕಳಲ್ಲಿ 5 ಮಕ್ಕಳಿಗೆ ಕನ್ನಡಕ ಸಿಕ್ಕಿದೆ; ಆರನೆಯ ಮಗು ಗುಳೆ ಹೋದ ಮಕ್ಕಳಲ್ಲಿದ್ದು, ಅದರ ಕನ್ನಡಕ ಕಚೇರಿಯಲ್ಲಿದೆ. ಸಲಹಾ ಪೆಟ್ಟಿಗೆ ಇದ್ದು, 1098 ಸಹಾಯವಾಣಿ ಸಂಖ್ಯೆಯನ್ನು ಎಲ್ಲ ಕೊಠಡಿಗಳಲ್ಲೂ ಬರೆಯಿಸಲಾಗಿದೆ. ಆದರೆ ಪೆಟ್ಟಿಗೆ ತೆರೆದ ದಿನಾಂಕಗಳ ದಾಖಲೆ ಸೆಪ್ಟೆಂಬರ್‌ಗೆ ಮುಂಚೆ ಇಲ್ಲವಾದ್ದರಿಂದ ಮಾನಸಿಕ ಸುರಕ್ಷತೆಗೆ ಹಂತ 2, ಆರೋಗ್ಯಕ್ಕೆ ಹಂತ 3.

ಕ್ಷೇತ್ರ 7: ಸಮುದಾಯದ ಸಹಭಾಗಿತ್ವ

ಜೂನ್‌ನಿಂದ ಎಸ್‌ಡಿಎಂಸಿಯ ಆರು ಸಭೆಗಳು ನಡೆದಿವೆ (ಸಾಕ್ಷ್ಯ 7.1: ನಡಾವಳಿ ಪುಸ್ತಕ). ನರೇಗಾ ಅಡಿಯಲ್ಲಿ ಗ್ರಾಮ ಪಂಚಾಯಿತಿ ಕಟ್ಟಿಸಿದ ಕಾಂಪೌಂಡ್ ಗೋಡೆಯಿಂದ ಕೈತೋಟ ಉಳಿದಿದ್ದು, ಅಲ್ಲಿನ ಸೊಪ್ಪು, ನುಗ್ಗೆ ಬಿಸಿಯೂಟಕ್ಕೆ ಬಳಕೆಯಾಗುತ್ತಿವೆ. ಸಭೆಗಳ ಹಾಜರಿ ಸಹಿಗಳನ್ನು ನೋಡಿದರೆ ತಾಂಡಾದ ಪೋಷಕ ಸದಸ್ಯರು ಬಂದಿರುವುದು ಎರಡೇ ಸಭೆಗಳಿಗೆ. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರಲಾಗದೆಂಬುದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಡಿಸೆಂಬರ್ 14ರ ಸಭೆಯನ್ನು ಸಂಜೆ ತಾಂಡಾದಲ್ಲೇ ನಡೆಸಿ, ಮುಂದಿನ ನವೆಂಬರ್‌ನಿಂದ ಮಕ್ಕಳು ಅಜ್ಜ-ಅಜ್ಜಿಯ ಬಳಿ ಉಳಿಯುವಂತೆ ಸಂಜೆಯ ಊಟ ಮತ್ತು ಓದಿನ ವ್ಯವಸ್ಥೆಯುಳ್ಳ ಋತುಮಾನ ವಸತಿ ಕೇಂದ್ರದ ಪ್ರಸ್ತಾವನೆಯನ್ನು ಅಂಗೀಕರಿಸಲಾಗಿದೆ (ಸಾಕ್ಷ್ಯ 7.2). ಹಂತ 2.

ಭೇಟಿಯ ದಿನ ಎಲ್ಲ ಸಾಕ್ಷ್ಯಗಳನ್ನು ಕ್ಷೇತ್ರವಾರು ಏಳು ಕಡತಗಳಲ್ಲಿ ಮುಖ್ಯ ಶಿಕ್ಷಕಿಯವರ ಕೊಠಡಿಯಲ್ಲಿ ಇರಿಸಲಾಗುವುದು. ಗುಳೆ ಹೋದ 19 ಮಕ್ಕಳನ್ನು ಅಂದು ತಂಡಕ್ಕೆ ಭೇಟಿ ಮಾಡಿಸಲಾಗದು. ಅವರ ನೋಟ್‌ಪುಸ್ತಕಗಳನ್ನು ತರಗತಿಯಲ್ಲಿ ಅವರವರ ಜಾಗದಲ್ಲೇ ಇಟ್ಟಿರುತ್ತೇವೆ. ಶಾಲಾ ವೀಕ್ಷಣೆಯ ನಂತರ ಸಂಜೆ ಐದಕ್ಕೆ ತಾಂಡಾಕ್ಕೂ ಬಂದು, ಅಲ್ಲಿ ಉಳಿದಿರುವ 18 ಮಕ್ಕಳ ಮನೆಯವರೊಂದಿಗೆ ಮಾತನಾಡಬೇಕೆಂದು ತಂಡವನ್ನು ಕೋರುತ್ತೇವೆ. ಎಸ್‌ಡಿಎಂಸಿ ಅಧ್ಯಕ್ಷರು ಜೊತೆಗಿರುತ್ತಾರೆ.

ಮುಖ್ಯ ಶಿಕ್ಷಕಿ ಮತ್ತು ಎಸ್‌ಡಿಎಂಸಿ ಅಧ್ಯಕ್ಷರು
ದಿನಾಂಕ: 10 ಜನವರಿ 2025