ಎಸ್‌ಟಿಪಿ ದುರಸ್ತಿ: ಸಲಹೆಗಾರರ ಕಾರ್ಯವ್ಯಾಪ್ತಿ ಮತ್ತು ಷರತ್ತುಗಳು

1. ಕೆಲಸ: ಬೆಂಗಳೂರಿನಲ್ಲಿರುವ, 180 ಫ್ಲ್ಯಾಟ್‌ಗಳ ನಮ್ಮ ಸಮುಚ್ಚಯದ ದಿನಕ್ಕೆ 120 ಕಿಲೋಲೀಟರ್ ಕೊಳಚೆನೀರು ಸಂಸ್ಕರಿಸುವ ಎಸ್‌ಟಿಪಿಯಿಂದ ಹೊರಬರುವ ನೀರು ವಾಸನೆ ಬರುತ್ತಿದೆ. ಕಾರಣ ಪತ್ತೆಹಚ್ಚಿ ದುರಸ್ತಿ ವಿನ್ಯಾಸ, ಅಂದಾಜುಪಟ್ಟಿ, ಟೆಂಡರ್ ಕರಡು ಕೊಡುವುದಷ್ಟೇ ಸಲಹೆಗಾರರ ಹೊಣೆ. ಕಾಮಗಾರಿಯ ಮೇಲ್ವಿಚಾರಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಸೇರಿಲ್ಲ. ಹೆಚ್ಚುವರಿ ಕೆಲಸಕ್ಕೆ ಕಾರ್ಯದರ್ಶಿಯ ಸಹಿಯಿರುವ ಆದೇಶ ಬೇಕು. ವಾಟ್ಸಾಪ್ ಸೂಚನೆಗೆ ಹಣವಿಲ್ಲ.

2. ಒಪ್ಪಿಸಬೇಕಾದ್ದು (ಕಾರ್ಯಾದೇಶದ ದಿನದಿಂದ):

ಅ) 21 ದಿನದೊಳಗೆ ತಪಾಸಣಾ ವರದಿ. ಸತತ 7 ದಿನ, ಗಂಟೆಗೊಮ್ಮೆ ಒಳಹರಿವಿನ ಅಳತೆ. ಒಳಬರುವ, ಹೊರಹೋಗುವ ನೀರಿನ ತಲಾ 3 ಮಾದರಿಗಳಲ್ಲಿ ಬಿಒಡಿ, ಸಿಒಡಿ, ಟಿಎಸ್‌ಎಸ್. ಏರೇಶನ್ ತೊಟ್ಟಿಯ ಎಂಎಲ್‌ಎಸ್‌ಎಸ್. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯವೇ ಆಗಬೇಕು. ಅದರ ಶುಲ್ಕ ಸಂಘದ್ದು.

ಆ) 45 ದಿನದೊಳಗೆ ನಕ್ಷೆ, ಅಂದಾಜುಪಟ್ಟಿ. ಪ್ರತಿ ಬ್ಲೋವರ್, ಪಂಪಿಗೆ ಸಾಮರ್ಥ್ಯ, ಸಂಖ್ಯೆ, ದರ ಬೇರೆಬೇರೆ ಇರಲಿ. ‘ಒಟ್ಟಾರೆ ದುರಸ್ತಿ, ಒಂದು ಲಾಟ್’ ಎಂಬ ಸಾಲನ್ನು ಒಪ್ಪುವುದಿಲ್ಲ; ಗುತ್ತಿಗೆದಾರರ ಹೆಚ್ಚುವರಿ ಬಿಲ್ಲು ನುಸುಳುವುದೇ ಅಲ್ಲಿಂದ.

ಇ) 60 ದಿನದೊಳಗೆ ಟೆಂಡರ್ ಕರಡು.

3. ಒಪ್ಪಿಗೆ: ಸಂಘದ ಆಕ್ಷೇಪಣೆಗಳೆಲ್ಲ 10 ಕೆಲಸದ ದಿನದೊಳಗೆ ಒಂದೇ ಪತ್ರದಲ್ಲಿ ಬರಬೇಕು. ಬಾರದಿದ್ದರೆ ಒಪ್ಪಿದಂತೆ. ಎರಡು ಪರಿಷ್ಕರಣೆ ಉಚಿತ. ಹಳೆಯ ನಕ್ಷೆ, ವಿದ್ಯುತ್ ಬಿಲ್ಲು ಕೊಡಲು ಸಂಘ ತಡಮಾಡಿದಷ್ಟು ದಿನ ಗಡುವೂ ಮುಂದಕ್ಕೆ.

4. ಪಾವತಿ: ಒಟ್ಟು ₹4,00,000, ಜಿಎಸ್‌ಟಿ ಪ್ರತ್ಯೇಕ, ಓಡಾಟದ ಖರ್ಚು ಒಳಗೊಂಡು. ಮುಂಗಡವಿಲ್ಲ. ಅ ಒಪ್ಪಿಗೆಯಾದಾಗ ₹1,20,000, ಆ ₹1,80,000, ಇ ₹1,00,000. ಬಿಲ್ಲು ಬಂದ 15 ದಿನದೊಳಗೆ, ಟಿಡಿಎಸ್ ಕಳೆದು. ಸಲಹೆಗಾರರಿಂದಾದ ವಿಳಂಬಕ್ಕೆ ವಾರಕ್ಕೆ ಆಯಾ ಕಂತಿನ ಶೇ 1, ಗರಿಷ್ಠ ಶೇ 10 ಕಡಿತ.