ಸಭೆಯ ಕುರಿತು ಸಭೆ

(ಅಂಧೇರಿಯ ಕಚೇರಿ, ಸಂಜೆ 5 ಗಂಟೆ. ಮೇಜಿನ ಮೇಲೆ ವಡಾಪಾವ್ ಮುಗಿಯುತ್ತಿದೆ. ಕಾರ್ಯಸೂಚಿ ಇನ್ನೂ ಮೊದಲಾಗಿಲ್ಲ.)

ವ್ಯವಸ್ಥಾಪಕರು: ಸಭೆಗಳು ಹೆಚ್ಚಾಗಿ ಕೆಲಸ ಕುಂಠಿತವಾಗಿದೆಯೆಂಬ ದೂರನ್ನು ಕೂಲಂಕಷವಾಗಿ ಪರಿಶೀಲಿಸಲು, ಇನ್ನು ಮುಂದೆ ನಾವು ಪ್ರತಿದಿನವೂ ಸಭೆ ಸೇರತಕ್ಕದ್ದು.

ಹೌದಪ್ಪ ರಾಯರು: (ವಾಕ್ಯ ಮುಗಿಯುವ ಮೊದಲೇ) ನಾನೂ ಅದನ್ನೇ ಹೇಳಬೇಕೆಂದಿದ್ದೆ, ಸರ್!

ಸ್ಲೈಡ್ ಶಾಸ್ತ್ರಿಗಳು: ಈ ವಿಷಯದ 64 ಸ್ಲೈಡುಗಳಲ್ಲಿ ಮೊದಲನೆಯದು ಈಗಷ್ಟೇ ತೆರೆದುಕೊಳ್ಳುತ್ತಿರುವುದರಿಂದ ದಯವಿಟ್ಟು ಯಾರೂ ಏಳಬಾರದು.

ಆನ್‌ಲೈನ್ ಅಕ್ಕ: (ಪರದೆಯಿಂದ) ನಾನು ಮನೆಯಲ್ಲಿ ಮೇಜಿನ ಮುಂದೆಯೇ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ.

(ಅವರ ಹಿನ್ನೆಲೆಯಲ್ಲಿ ಲೋಕಲ್ ರೈಲಿನ ಘೋಷಣೆ: ‘ಅಗಲಾ ಸ್ಟೇಷನ್, ದಾದರ್.’ ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ.)

ಜವಾನ: (ಚಹಾ ಇಡುತ್ತಾ) ಸರ್, ಹೊರಗೆ ಕಾಯುತ್ತಿದ್ದ ಗ್ರಾಹಕರು ಪಕ್ಕದ ಕಚೇರಿಗೆ ಕೆಲಸ ಒಪ್ಪಿಸಿ ಹೋದರು, ಅಲ್ಲಿ ಯಾರೂ ಸಭೆಯಲ್ಲಿರಲಿಲ್ಲವಂತೆ.

ವ್ಯವಸ್ಥಾಪಕರು: ಅತ್ಯಂತ ಗಂಭೀರ ವಿಷಯ, ನಾಳೆಯ ಸಭೆಗೆ ಸೇರಿಸಿಕೊಳ್ಳಿ.